ಹನ್ನೊಂದು ಗಂಟೆಯ ಸಭೆಯನ್ನು ಹಿಂದಿನ ಸಂಜೆ ಮುಂದೂಡಿದ್ದು: ನನ್ನ ಅನುಭವ

ಪೀಣ್ಯ ಎರಡನೇ ಹಂತದಲ್ಲಿ ನಾವು ವಿದ್ಯುತ್ ಪ್ಯಾನೆಲ್‌ಗಳನ್ನು ತಯಾರಿಸುತ್ತೇವೆ. ಬೊಮ್ಮಸಂದ್ರದ ಕಾರ್ಖಾನೆಯೊಂದಕ್ಕೆ ಮುಖ್ಯ ಪ್ಯಾನೆಲ್ ಪೂರೈಸುವ ಮಾತುಕತೆ ಸುಮಾರು ಎರಡು ತಿಂಗಳು ನಡೆದು, ಒಂದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಡ್ರಾಯಿಂಗ್ ಒಪ್ಪಿಗೆ ಮತ್ತು ದರ ಅಂತಿಮಗೊಳಿಸುವ ಸಭೆ ನಿಗದಿಯಾಗಿತ್ತು. ನಮ್ಮ ದರ 38 ಲಕ್ಷದ ಆಸುಪಾಸಿನಲ್ಲಿತ್ತು, ಅಂದರೆ ನಮ್ಮಂಥ ಘಟಕಕ್ಕೆ ಒಂದು ತ್ರೈಮಾಸಿಕದ ಊಟ. ಬುಧವಾರ ಸಂಜೆ ಐದಕ್ಕೆ ಹತ್ತು ನಿಮಿಷವಿರುವಾಗ ಆ ಸಭೆಯನ್ನು ಮುಂದೂಡಲೇಬೇಕಾದ ಪರಿಸ್ಥಿತಿ ಬಂತು. ಮುಂದೂಡಿದೆವು, ಆರ್ಡರ್ ಕೂಡ ಬಂತು. ಹೀಗೆ ಮಾಡಿದರೆ ಕೆಲಸ ಕೆಡುತ್ತದೆ ಎಂದು ನಮ್ಮ ವಲಯದ ಹಲವರು ಮೊದಲಿನಿಂದಲೂ ಹೇಳುತ್ತಿದ್ದರು. ಆದ್ದರಿಂದಲೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಕಾರಣವನ್ನು ಮೊದಲು ಹೇಳುತ್ತೇನೆ. ಮೂರು ವಾರಗಳ ಹಿಂದೆ ಗ್ರಾಹಕರು ಕಳುಹಿಸಿದ ಮಿಂಚಂಚೆಯೊಂದರ ಲಗತ್ತಿನಲ್ಲಿ ಟ್ರಾನ್ಸ್‌ಫಾರ್ಮರ್ 1600 ಕೆವಿಎಯಿಂದ 2000 ಕೆವಿಎಗೆ ಬದಲಾಗಿತ್ತು. ಪತ್ರದ ಒಡಲಿನಲ್ಲಿ ಆ ಬಗ್ಗೆ ಒಂದು ಮಾತೂ ಇರಲಿಲ್ಲ; ಆದರೂ ಲಗತ್ತನ್ನು ತೆರೆದು ನೋಡುವುದು ನಮ್ಮ ಕೆಲಸವಾಗಿತ್ತು, ನಾವು ನೋಡಿರಲಿಲ್ಲ. 1600ಕ್ಕೆ ಸರಿಹೋಗುವ 2500 ಆಂಪಿಯರ್ ಬ್ರೇಕರ್ 2000ಕ್ಕೆ ಸಾಲದು, 3200 ಬೇಕು. ಶಾರ್ಟ್ ಸರ್ಕ್ಯೂಟ್ ಮಟ್ಟವೂ ಸುಮಾರು 34ರಿಂದ 43 ಕಿಲೋ ಆಂಪಿಯರ್‌ಗೆ ಏರುವುದರಿಂದ ಬಸ್‌ಬಾರ್ ಮತ್ತು ಅದರ ಆಧಾರಗಳನ್ನು 50 ಕಿಲೋ ಆಂಪಿಯರ್‌ಗೆ ಮತ್ತೆ ವಿನ್ಯಾಸ ಮಾಡಬೇಕು. ಅಂದರೆ ಮರುದಿನ ಮೇಜಿನ ಮೇಲೆ ಹರಡಬೇಕಿದ್ದ ಡ್ರಾಯಿಂಗ್ ಮತ್ತು ದರ ಎರಡೂ ತಪ್ಪು. ಬ್ರೇಕರ್ ವಿತರಕರಿಂದ ಹೊಸ ದರ ಮತ್ತು ಪೂರೈಕೆಯ ದಿನಾಂಕ ಬರಲು ಕನಿಷ್ಠ ಒಂದು ದಿನ ಬೇಕಿತ್ತು.

ನಮ್ಮ ಪಾಲುದಾರರು ನನ್ನ ಅಕ್ಕನ ಗಂಡ. ಅವರು ತಕ್ಷಣ ಹೇಳಿದ್ದು ಇಷ್ಟು: "ತಪ್ಪು ಅಂತ ಬಾಯಿ ಬಿಡಬೇಡ. ಎಂಜಿನಿಯರ್‌ಗೆ ಜ್ವರ ಅಂತ ಬೆಳಿಗ್ಗೆ ಒಂದು ಮೆಸೇಜ್ ಹಾಕು, ಮುಗೀತು." ಪಕ್ಕದ ಶೆಡ್ಡಿನ ಗೆಳೆಯರ ಸಲಹೆ ಇನ್ನೊಂದು ಬಗೆಯದು: ಸುಮ್ಮನೆ ಹೋಗಿ ಕುಳಿತು, ಇದ್ದುದನ್ನೇ ತೋರಿಸಿ, ಆಮೇಲೆ ಪರಿಷ್ಕರಿಸಿದ ಡ್ರಾಯಿಂಗ್ ಕಳುಹಿಸಿದರಾಯಿತು. ಎರಡನ್ನೂ ನಾನು ಒಪ್ಪದಿರಲು ಹಿಂದೆ ಕೈ ಸುಟ್ಟುಕೊಂಡದ್ದೇ ಕಾರಣ.

ನಾಲ್ಕೈದು ವರ್ಷಗಳ ಹಿಂದೆ ವೈಟ್‌ಫೀಲ್ಡ್ ಕಡೆಯ ಗ್ರಾಹಕರೊಬ್ಬರ ಹನ್ನೊಂದು ಗಂಟೆಯ ಸಭೆಯನ್ನು ಮಧ್ಯಾಹ್ನ ಮೂರಕ್ಕೆ ಬದಲಿಸಿಕೊಳ್ಳಲು ಸಾಧ್ಯವೇ ಎಂದು ಬೆಳಿಗ್ಗೆ ಎಂಟೂವರೆಗೆ ವಾಟ್ಸ್ಆ್ಯಪ್ ಸಂದೇಶ ಕಳುಹಿಸಿದ್ದೆ. ಕಾರಣ ಟ್ರಾಫಿಕ್ ಎಂದು ಬರೆದಿದ್ದೆ. ಖರೀದಿ ವಿಭಾಗದ ಮುಖ್ಯಸ್ಥರು ಅದನ್ನು ನೋಡಿದ್ದು ಹನ್ನೊಂದು ದಾಟಿದ ಮೇಲೆ. ಅಷ್ಟರಲ್ಲಿ ಅವರ ಕಡೆಯ ಐದು ಜನ ಕೊಠಡಿಯಲ್ಲಿ ಕುಳಿತಾಗಿತ್ತು. ನನಗೆ ಬೈಯಲಿಲ್ಲ, ಮೂರಕ್ಕೂ ಕರೆಯಲಿಲ್ಲ. ಹನ್ನೊಂದು ಲಕ್ಷ ಚಿಲ್ಲರೆಯ ಕೆಲಸ ಬೇರೆಯವರಿಗೆ ಹೋಯಿತು. ಆಗ ನಾನು ತಿಳಿದುಕೊಂಡದ್ದು, ಓದಿದರೋ ಇಲ್ಲವೋ ಎಂಬುದು ಗೊತ್ತಾಗದ ಸಂದೇಶದಿಂದ ಸಭೆ ಮುಂದೂಡಿದಂತಾಗುವುದಿಲ್ಲ, ಬಾರದೆ ಹೋದಂತಾಗುತ್ತದೆ ಎಂಬುದನ್ನು.

ಅದಾದ ಮೇಲೆ ತುಂಬ ವಿನಯದಿಂದ ಮುಂದೂಡಿಯೂ ಕೆಟ್ಟೆ. ಜಿಗಣಿಯ ಗ್ರಾಹಕರಿಗೆ ಫೋನ್ ಮಾಡಿ, ಕ್ಷಮೆ ಕೇಳಿ, "ನಿಮಗೆ ಅನುಕೂಲವಾದ ಯಾವ ಸಮಯವಾದರೂ ಸರಿ ಸರ್" ಎಂದೆ. ಅದು ಗೌರವವೆಂದು ನಾನು ಭಾವಿಸಿದ್ದೆ. ವಾಸ್ತವದಲ್ಲಿ, ನಾಲ್ಕು ಜನರ ದಿನಚರಿಯನ್ನು ಹೊಂದಿಸುವ ಕೆಲಸವನ್ನು ಮತ್ತೊಮ್ಮೆ ಅವರ ತಲೆಗೇ ಕಟ್ಟಿದ್ದೆ. ಹೊಸ ದಿನ ಸಿಗಲು ಎಂಟೊಂಬತ್ತು ದಿನಗಳು ಹಿಡಿದವು. ನಮ್ಮ ದರಪಟ್ಟಿ ಏಳು ದಿನಗಳಿಗೆ ಮಾತ್ರ ಊರ್ಜಿತವಾಗಿತ್ತು, ಅಷ್ಟರಲ್ಲಿ ತಾಮ್ರದ ಬೆಲೆ ಏರಿತು. ಹಳೆಯ ದರಕ್ಕೇ ಒಪ್ಪಿಕೊಳ್ಳಬೇಕಾಗಿ ಬಂದು ಸುಮಾರು 60 ಸಾವಿರ ನಮ್ಮ ಕೈಯಿಂದ ಹೋಯಿತು.

ಮೂರನೆಯದು ಕ್ಯಾಲೆಂಡರ್‌ನಲ್ಲಾದ ತಪ್ಪು. ನಾನೇ ಕಳುಹಿಸಿದ್ದ ಆಹ್ವಾನವನ್ನು ಅಳಿಸಿ, ಹೊಸ ಸಮಯಕ್ಕೆ ಇನ್ನೊಂದನ್ನು ಮಾಡೋಣವೆಂದುಕೊಂಡೆ. ಅಳಿಸಿದ ಕೂಡಲೇ ಎಲ್ಲರಿಗೂ Canceled: ಎಂಬ ಶೀರ್ಷಿಕೆಯ ಪತ್ರ ಹೋಯಿತು, ಹೊಸ ಆಹ್ವಾನ ಹೋಗಲು ಇಪ್ಪತ್ತು ನಿಮಿಷವಾಯಿತು. ಆ ಇಪ್ಪತ್ತು ನಿಮಿಷದಲ್ಲಿ ಅವರ ನಿರ್ದೇಶಕರು, ನಾವು ಹಿಂದೆ ಸರಿದಿದ್ದೇವೆಂದು ತಿಳಿದು ಎರಡನೇ ದರದವರಿಗೆ ಫೋನ್ ಮಾಡಿಸಿದ್ದರು. ಜೊತೆಗೆ ಆ ಆಹ್ವಾನಕ್ಕೆ ಜೋಡಿಸಿದ್ದ ಸಭಾ ಕೊಠಡಿಯೂ ಬಿಡುಗಡೆಯಾಗಿ ಬೇರೆ ವಿಭಾಗದವರ ಪಾಲಾಯಿತು. ಹಳೆಯ ಆಹ್ವಾನವನ್ನೇ ತೆರೆದು, ಅದರ ಸಮಯವನ್ನು ಬದಲಿಸಿ ಕಳುಹಿಸಿದರೆ ಅದು ಪರಿಷ್ಕರಣೆಯಾಗಿ ತಲುಪುತ್ತದೆ. ಆದರೆ ಔಟ್‌ಲುಕ್‌ನಲ್ಲಿ ಸಮಯ ಬದಲಾದಾಗ ಹಿಂದೆ ಕೊಟ್ಟಿದ್ದ ಒಪ್ಪಿಗೆಗಳು ಉಳಿಯುವುದಿಲ್ಲ, ಪ್ರತಿಯೊಬ್ಬರೂ ಮತ್ತೆ ಒಪ್ಪಬೇಕಾಗುತ್ತದೆ ಎಂಬುದನ್ನು ನೆನಪಿಡಬೇಕು.

ಈ ಮೂರು ಪೆಟ್ಟುಗಳಿಂದ ನನಗೆ ಒಂದು ವಿಷಯ ಮನದಟ್ಟಾಗಿತ್ತು. ಸಭೆ ಮುಂದೆ ಹೋದರೆ ಗ್ರಾಹಕರು ಕಳೆದುಕೊಳ್ಳುವುದು ಆ ಒಂದೆರಡು ಗಂಟೆಗಳನ್ನಲ್ಲ. ಆ ಗಂಟೆಗೆ ಬಿಡುವು ಕೊಟ್ಟರೆ ಅವರಿಗೆ ಬೇರೆ ಕೆಲಸ ಬೇಕಾದಷ್ಟಿದೆ. ಅವರು ಕಳೆದುಕೊಳ್ಳುವುದು ಆ ಸಭೆಯನ್ನು ನಂಬಿ ಮರುದಿನಕ್ಕೆ ಇಟ್ಟುಕೊಂಡ ಕೆಲಸವನ್ನು. ಹಾಗಾಗಿ ಮುಂದೂಡುವವನು ಮೊದಲು ಹುಡುಕಬೇಕಾದದ್ದು ಆ ಕೆಲಸ ಯಾವುದು ಎಂಬುದನ್ನು. ಅದಕ್ಕೆ ಬೇಕಾದಷ್ಟನ್ನು ಹಳೆಯ ಸಮಯಕ್ಕೇ ಕೊಟ್ಟು, ಉಳಿದುದನ್ನು ಮಾತ್ರ ಮುಂದೂಡಬೇಕು. ಇದೇ ನನ್ನ ವಿಧಾನ, ಇದರಲ್ಲಿ ಬೇರೆ ಗುಟ್ಟಿಲ್ಲ.

ಬುಧವಾರ ಸಂಜೆ ಐದಕ್ಕೆ ನಾನು ತಕ್ಷಣ ಫೋನ್ ಎತ್ತಲಿಲ್ಲ, ಹತ್ತು ನಿಮಿಷ ತೆಗೆದುಕೊಂಡೆ. ಹೊಸ ಡ್ರಾಯಿಂಗ್ ಯಾವಾಗ ಸಿದ್ಧವಾಗುತ್ತದೆ ಎಂದು ವಿನ್ಯಾಸಕನಿಂದ ಗಂಟೆಯ ಲೆಕ್ಕದಲ್ಲಿ ಮಾತು ಪಡೆದೆ: ಶುಕ್ರವಾರ ಬೆಳಿಗ್ಗೆ ಹತ್ತು. ವಿತರಕರಿಂದಲೂ ಗುರುವಾರ ಸಂಜೆಯ ಭರವಸೆ ಸಿಕ್ಕಿತು. ಅವುಗಳ ಮೇಲೆ ನಾಲ್ಕು ಗಂಟೆಗಳ ಅಂತರವಿಟ್ಟುಕೊಂಡು ಎರಡೇ ಸಮಯಗಳನ್ನು ಕಾಗದದ ಮೇಲೆ ಬರೆದುಕೊಂಡೆ: ಶುಕ್ರವಾರ ಮಧ್ಯಾಹ್ನ ಎರಡೂವರೆ ಅಥವಾ ಶನಿವಾರ ಬೆಳಿಗ್ಗೆ ಹನ್ನೊಂದು. ಮೂರನೆಯದನ್ನು ಕೊಟ್ಟರೆ ಆರಿಸುವ ಕೆಲಸ ಹೆಚ್ಚುತ್ತದೆ, ಒಂದನ್ನೇ ಕೊಟ್ಟರೆ ಆಜ್ಞೆ ಮಾಡಿದಂತಾಗುತ್ತದೆ. ಎರಡೂ ಸಮಯಗಳಿಗೆ ನಾವೇ ಅವರಲ್ಲಿಗೆ ಹೋಗುವುದೆಂದು ತೀರ್ಮಾನಿಸಿದೆ.

ಸಮಯ ಆರಿಸುವ ಬಗ್ಗೆ ಒಂದು ಮಾತು. ಹಿಂದೊಮ್ಮೆ ಕುಟುಂಬದವರೇ ನಡೆಸುವ ಸಂಸ್ಥೆಗೆ ಶುಕ್ರವಾರ ಹತ್ತೂಮುಕ್ಕಾಲರ ಸಮಯ ಸೂಚಿಸಿದ್ದೆ. ಅವರು ಕಾರಣ ಹೇಳದೆ ಆಗುವುದಿಲ್ಲ ಎಂದರು, ಮತ್ತೆ ವಾರ ಕಳೆಯಿತು. ಆ ಹೊತ್ತು ರಾಹುಕಾಲವೆಂದೂ, ಯಜಮಾನರು ಆಗ ದರಕ್ಕೆ ಸಹಿ ಹಾಕುವುದಿಲ್ಲವೆಂದೂ ನನಗೆ ಆಮೇಲೆ ಹೇಳಿದವರು ಅವರ ಲೆಕ್ಕಪತ್ರದವರು. ನಾನು ನಂಬುತ್ತೇನೆಯೇ ಎಂಬುದು ಇಲ್ಲಿ ಮುಖ್ಯವಲ್ಲ. ಅವರು ಬಾಯಿಬಿಟ್ಟು ಹೇಳಲು ಸಂಕೋಚಪಡುವ ಅಡ್ಡಿಯನ್ನು ನಾನೇ ಮುಂಚಿತವಾಗಿ ತಪ್ಪಿಸಿದರೆ ಅವರಿಗೆ ಒಂದು ಮುಜುಗರ ಕಡಿಮೆಯಾಗುತ್ತದೆ. ಈಗ ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ, ಶನಿವಾರ ಒಂಬತ್ತರಿಂದ ಹತ್ತೂವರೆಯವರೆಗೆ ನಾನು ಯಾರಿಗೂ ದರದ ಸಭೆ ಸೂಚಿಸುವುದಿಲ್ಲ.

ಐದೂಹತ್ತಕ್ಕೆ ಫೋನ್ ಮಾಡಿದೆ. ಈ ಹೊತ್ತನ್ನು ಆರಿಸಿದ್ದಕ್ಕೂ ಕಾರಣವಿದೆ. ಬೊಮ್ಮಸಂದ್ರ, ಜಿಗಣಿ ಕಡೆಯ ನನ್ನ ಗ್ರಾಹಕರಲ್ಲಿ ಹೆಚ್ಚಿನವರ ಜನರಲ್ ಶಿಫ್ಟ್ ಐದೂವರೆಗೆ ಮುಗಿಯುತ್ತದೆ, ಆಮೇಲೆ ಸಿಬ್ಬಂದಿ ಕಂಪನಿಯ ಬಸ್ ಹತ್ತುತ್ತಾರೆ. ಹೊಸೂರು ರಸ್ತೆಯ ಗದ್ದಲದಲ್ಲಿ, ಪಕ್ಕದಲ್ಲಿ ಸಹೋದ್ಯೋಗಿಗಳು ಕುಳಿತಿರುವಾಗ ಇಂಥ ಮಾತು ಆಡಲು ಅವರಿಗೆ ಆಗುವುದಿಲ್ಲ. "ನಾಳೆ ನೋಡೋಣ" ಎಂದುಬಿಡುತ್ತಾರೆ. ಒಂದು ವರ್ಷ ಈ ಬಗ್ಗೆ ಡೈರಿಯಲ್ಲಿ ಗುರುತು ಹಾಕಿಕೊಂಡಿದ್ದೆ. ಐದೂಕಾಲಿನೊಳಗೆ ಮಾಡಿದ ಕರೆಗಳಲ್ಲಿ ನಾಲ್ಕರಲ್ಲಿ ಮೂರಕ್ಕೆ ಆಗಲೇ ತೀರ್ಮಾನ ಸಿಕ್ಕಿತ್ತು, ಆರರ ನಂತರದವುಗಳಲ್ಲಿ ಬಹುಶಃ ನಾಲ್ಕರಲ್ಲಿ ಒಂದಕ್ಕೆ.

ಯಾರಿಗೆ ಮಾಡಬೇಕು ಎಂಬುದು ಇನ್ನೂ ಮುಖ್ಯ. ಪ್ಲಾಂಟ್ ಹೆಡ್ ನನಗೆ ಹೆಚ್ಚು ಪರಿಚಿತರು, ಅಧಿಕಾರವೂ ಅವರದ್ದೇ. ಆದರೆ ಎಲ್ಲರನ್ನೂ ಒಟ್ಟುಗೂಡಿಸಿದವರು ಖರೀದಿ ವಿಭಾಗದ ಮೇಡಂ. ಸಭೆ ಬದಲಾದರೆ ಐದಾರು ಜನರಿಗೆ ಉತ್ತರ ಕೊಡಬೇಕಾದವರೂ ಅವರೇ. ಅವರನ್ನು ದಾಟಿ ಮೇಲಿನವರಿಗೆ ಹೇಳಿದರೆ ಅವರ ಮುಖ ಕೆಡುತ್ತದೆ. ಆದ್ದರಿಂದ ಮೊದಲ ಕರೆ ಅವರಿಗೆ.

"ಮೇಡಂ, ನಾಳೆ ಹನ್ನೊಂದರ ಮೀಟಿಂಗ್ ವಿಷಯ, ಎರಡು ನಿಮಿಷ ಮಾತಾಡಬಹುದಾ?" ಎಂದು ಕೇಳಿ, ಅವರು ಹೂಂ ಎಂದ ಮೇಲೆ ನೇರವಾಗಿ ಹೇಳಿದೆ: "ನಿಮ್ಮ ಟ್ರಾನ್ಸ್‌ಫಾರ್ಮರ್ 2000 ಆಗಿರೋದನ್ನ ನಾವು ಗಮನಿಸಿಲ್ಲ, ತಪ್ಪು ನಮ್ಮದು. ನಮ್ಮ ಡ್ರಾಯಿಂಗ್, ರೇಟು ಎರಡೂ 1600ಕ್ಕೆ ಇವೆ. ಅದನ್ನೇ ಹಿಡ್ಕೊಂಡು ಬಂದರೆ ನಿಮ್ಮೆಲ್ಲರ ಎರಡು ಗಂಟೆ ಹಾಳಾಗುತ್ತೆ."

ಅವರು ಕ್ಷಣ ಸುಮ್ಮನಿದ್ದು, "ಪುಣೆಯಿಂದ ಕನ್ಸಲ್ಟೆಂಟ್ ಬೆಳಗಿನ ಫ್ಲೈಟಿಗೆ ಬರ್ತಿದ್ದಾರೆ, ರಾತ್ರಿನೇ ವಾಪಸ್. ಅವರಿಗೆ ನಾನೇನು ಹೇಳಲಿ?" ಎಂದರು.

ಇಲ್ಲಿಯೇ ನನ್ನ ಪ್ರಶ್ನೆಯನ್ನು ಕೇಳಿದೆ: "ಮೇಡಂ, ನಾಳೆ ಮೀಟಿಂಗ್ ಆದಮೇಲೆ ನಿಮ್ಮಲ್ಲಿ ಶುರು ಆಗಬೇಕಾದ ಕೆಲಸ ಯಾವುದು?" ದರದ ಒಪ್ಪಿಗೆಗೆ ಆತುರವಿಲ್ಲ, ಅದು ಸೋಮವಾರದ ಮಾತು ಎಂದರು. ಆದರೆ ಪ್ಯಾನೆಲ್ ಕೊಠಡಿಯ ಕೇಬಲ್ ಟ್ರೆಂಚ್ ಅಗೆಯಲು ಸಿವಿಲ್ ಗುತ್ತಿಗೆದಾರರ ಆಳುಗಳು ಶುಕ್ರವಾರ ಬೆಳಿಗ್ಗೆ ಬರುವವರಿದ್ದರು, ಅವರಿಗೆ ಪ್ಯಾನೆಲಿನ ಉದ್ದ ಅಗಲ ಬೇಕಿತ್ತು. ಎರಡು ತಿಂಗಳ ಮಾತುಕತೆಯಲ್ಲಿ ಈ ವಿಷಯ ನನಗೆ ತಿಳಿದೇ ಇರಲಿಲ್ಲ.

ಹೀಗೆ ಸಭೆ ತಾನಾಗಿಯೇ ಎರಡು ಭಾಗವಾಯಿತು. ಟ್ರೆಂಚಿನ ಅಳತೆ, ಕೇಬಲ್ ಯಾವ ಕಡೆಯಿಂದ ಒಳಗೆ ಬರಬೇಕು, ಮೀಟರುಗಳ ಸಂಪರ್ಕ, ರಿಲೇಗಳ ಹೊಂದಾಣಿಕೆ ಇವೆಲ್ಲ ಕನ್ಸಲ್ಟೆಂಟ್ ಎದುರಿಗೆ ನಿರ್ಧಾರವಾಗಬೇಕಾದವು, ಇವುಗಳಿಗೆ ದರ ಬೇಕಿಲ್ಲ. ಬಸ್‌ಬಾರ್, ಬ್ರೇಕರ್, ದರ ಇವು ಮಾತ್ರ ಕಾಯಬೇಕಾದವು. ಗುರುವಾರ ಹನ್ನೊಂದಕ್ಕೆ ನಮ್ಮ ಹಿರಿಯ ಎಂಜಿನಿಯರ್ ಮತ್ತು ಒಬ್ಬ ಸಹಾಯಕ ಅಲ್ಲಿರುತ್ತಾರೆ, ನಲವತ್ತು ನಿಮಿಷದಲ್ಲಿ ಮೊದಲ ಭಾಗ ಮುಗಿಯುತ್ತದೆ, ಉಳಿದದ್ದಕ್ಕೆ ಶುಕ್ರವಾರ ಎರಡೂವರೆ ಅಥವಾ ಶನಿವಾರ ಹನ್ನೊಂದು ಎಂದೆ. ಮೇಡಂ ಶುಕ್ರವಾರವನ್ನು ಆರಿಸಿದರು. ಕರೆ ಒಟ್ಟು ಆರೇಳು ನಿಮಿಷದ್ದು.

ಅಂತಿಮ ಡ್ರಾಯಿಂಗ್ ಇಲ್ಲದೆ ಅಳತೆ ಕೊಡುವುದು ಹೇಗೆಂದು ನಮ್ಮ ಎಂಜಿನಿಯರ್ ಚಿಂತಿಸಿದರು. ನಾವು ಗರಿಷ್ಠ ಅಳತೆಯನ್ನು ಕೊಟ್ಟೆವು. ಹಳೆಯ ವಿನ್ಯಾಸದಲ್ಲಿ ಉದ್ದ 4.2 ಮೀಟರಿನಷ್ಟಿತ್ತು, ಹೊಸದು ಏನೇ ಆದರೂ 4.8 ಮೀಟರ್ ದಾಟುವುದಿಲ್ಲವೆಂದು ಬರೆದು ಸಹಿ ಹಾಕಿಕೊಟ್ಟೆವು. ಟ್ರೆಂಚ್ ಅರ್ಧ ಮೀಟರ್ ಉದ್ದವಾದರೆ ಮುಚ್ಚಲು ಎರಡು ಚೆಕರ್ಡ್ ಪ್ಲೇಟ್ ಹೆಚ್ಚು ಬೇಕು, ಗಿಡ್ಡವಾದರೆ ಒಡೆಯಬೇಕಾಗುತ್ತದೆ. ಆ ಹೆಚ್ಚುವರಿ ಪ್ಲೇಟುಗಳನ್ನು ನಮ್ಮ ಖರ್ಚಿನಲ್ಲಿ ಕೊಡುವುದಾಗಿ ಅದರಲ್ಲಿಯೇ ಸೇರಿಸಿದೆವು. ನಾಲ್ಕೈದು ಸಾವಿರ ರೂಪಾಯಿಯ ಬಾಬತ್ತು. ಗುತ್ತಿಗೆದಾರರ ಆಳುಗಳು ಒಂದು ದಿನ ಖಾಲಿ ಕೂರುವುದಕ್ಕಿಂತ ಇದು ಎಲ್ಲರಿಗೂ ಅಗ್ಗ.

ಫೋನ್ ಇಟ್ಟ ಹದಿನೈದು ನಿಮಿಷದೊಳಗೆ ಮೇಡಂಗೆ ಮಿಂಚಂಚೆ ಕಳುಹಿಸಿದೆ. ಇದನ್ನು ಬರೆಯುವುದರಲ್ಲಿ ನನಗೆ ಸ್ವಲ್ಪ ಪರಿಣತಿ ಇದೆಯೆಂದು ಹೇಳಿಕೊಳ್ಳಬಲ್ಲೆ. ಪತ್ರ ಅವರಿಗೆ ಬರೆದಂತೆ ಕಂಡರೂ, ಅವರು ಒಂದಕ್ಷರ ತಿದ್ದದೆ ಪ್ಲಾಂಟ್ ಹೆಡ್‌ಗೂ ಕನ್ಸಲ್ಟೆಂಟ್‌ಗೂ ಮುಂದಕ್ಕೆ ಕಳುಹಿಸುವಂತಿರಬೇಕು. ಮೊದಲ ಸಾಲಿನಲ್ಲಿ ಗುರುವಾರ ಹನ್ನೊಂದಕ್ಕೆ ಏನು ನಡೆಯುತ್ತದೆ, ಎರಡನೆಯದರಲ್ಲಿ ಶುಕ್ರವಾರ ಎರಡೂವರೆಗೆ ಏನು ನಡೆಯುತ್ತದೆ, ಮೂರನೆಯದರಲ್ಲಿ ತಪ್ಪು ನಮ್ಮ ಸಂಸ್ಥೆಯದೆಂಬ ಸ್ಪಷ್ಟ ಮಾತು ಮತ್ತು ಒಂದೇ ಒಂದು ಕ್ಷಮಾಪಣೆ, ನಾಲ್ಕನೆಯದರಲ್ಲಿ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಹೊಸ ಡ್ರಾಯಿಂಗ್ ಕೈಸೇರುತ್ತದೆ ಎಂಬ ಮಾತು. ಕ್ಷಮೆಯನ್ನು ಮೊದಲ ಸಾಲಿನಲ್ಲಿ ಹಾಕಿದರೆ ಹೊಸ ಸಮಯ ಕೆಳಗೆ ಹೋಗುತ್ತದೆ, ಮೊಬೈಲಿನಲ್ಲಿ ಓದುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಮೂರನೇ ಸಾಲಿನ ಪದಗಳನ್ನು ನಾನು ಯಾವ ಕ್ರಮದಲ್ಲಿ ಇಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಹನ್ನೊಂದು ಲಕ್ಷದ ಆರ್ಡರ್ ಬೆಲೆಯಾಗಿ ತಗುಲಿದೆ.

ಆಹ್ವಾನ ಮೇಡಂ ಮಾಡಿದ್ದಾದ್ದರಿಂದ ಅದನ್ನು ಅಳಿಸಬಾರದೆಂದು ಕೋರಿದೆ. ಗುರುವಾರದ್ದನ್ನು ನಲವತ್ತು ನಿಮಿಷಕ್ಕೆ ಇಳಿಸಿ, ಶುಕ್ರವಾರಕ್ಕೆ ಹೊಸದನ್ನು ಸೇರಿಸಿದರು. ಗೇಟ್ ಪಾಸ್ ಎಂಬುದೊಂದು ಉಳಿದಿತ್ತು. ನಾಲ್ವರಿಗೆ ಗುರುವಾರದ ದಿನಾಂಕಕ್ಕೆ ಪಾಸ್ ಆಗಿತ್ತು, ಎರಡು ಲ್ಯಾಪ್‌ಟಾಪ್‌ಗಳ ಸೀರಿಯಲ್ ಸಂಖ್ಯೆ ಸಮೇತ. ಶುಕ್ರವಾರ ಬರುವ ಮೂವರ ಹೆಸರು, ಗುರುತಿನ ಚೀಟಿ, ಲ್ಯಾಪ್‌ಟಾಪ್ ವಿವರಗಳನ್ನು ಅವರ ನಮೂನೆಯಲ್ಲಿಯೇ ತುಂಬಿ ಅದೇ ಸಂಜೆ ಕಳುಹಿಸಿದೆ. ಇದನ್ನು ಮರೆತರೆ ಮೇಡಂ ಮೇಲಿನಿಂದ ಗೇಟಿನವರೆಗೆ ಇಳಿದು ಬರಬೇಕಾಗುತ್ತದೆ, ಮುಂದೂಡಿದ ಸಭೆ ಮತ್ತೆ ಇಪ್ಪತ್ತು ನಿಮಿಷ ತಡವಾಗುತ್ತದೆ.

ಶುಕ್ರವಾರ ತಲುಪುವುದರ ಬಗ್ಗೆ ನಾನು ಅದೃಷ್ಟವನ್ನು ನಂಬಲಿಲ್ಲ. ಮೊದಲ ತಡವನ್ನು ಕ್ಷಮಿಸಿದವರು ಎರಡನೆಯದನ್ನು ಕ್ಷಮಿಸುವುದಿಲ್ಲ. ಪೀಣ್ಯದಿಂದ ನೈಸ್ ರಸ್ತೆಯಲ್ಲಿ ಕಾರಿಗೆ ಕೆಲವು ದಿನ ಒಂದು ಗಂಟೆ ಸಾಕು, ಕೆಲವು ದಿನ ಎರಡೂ ಸಾಲದು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ ತೆರೆದ ಮೇಲೆ ನಾನು ಇಂಥ ದಿನಗಳಲ್ಲಿ ಹಸಿರು ಮಾರ್ಗದಲ್ಲಿ ಹೋಗಿ ಅಲ್ಲಿ ಬದಲಿಸುತ್ತೇನೆ. ಒಟ್ಟು ಹೊತ್ತು ಕಾರಿಗಿಂತ ಕಡಿಮೆಯೇನಲ್ಲ, ಆದರೆ ಅದು ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ. ದೊಡ್ಡ ಡ್ರಾಯಿಂಗ್ ಹಾಳೆಗಳನ್ನು ಬೆಳಿಗ್ಗೆಯೇ ಕಾರಿನಲ್ಲಿ ಕಳುಹಿಸಿ, ನಾನು ಮೆಟ್ರೊದಲ್ಲಿ ಹೋದೆ. ಎರಡು ಗಂಟೆಗೆ ಗೇಟಿನಲ್ಲಿದ್ದೆ.

ಹಿಂದೆ ಇಂಥ ಸಂದರ್ಭದಲ್ಲಿ ಸಿಹಿ ಡಬ್ಬಿ ಕೊಂಡೊಯ್ಯುವುದನ್ನೂ ಪ್ರಯತ್ನಿಸಿದ್ದೆ. ದೊಡ್ಡ ಕಂಪನಿಗಳ ಖರೀದಿ ವಿಭಾಗದವರು ಏನನ್ನೂ ಸ್ವೀಕರಿಸುವಂತಿಲ್ಲ. ಅವರು ಅದನ್ನು ಹಿಂತಿರುಗಿಸುವ ಮುಜುಗರವೂ ನಾವೇ ಕೊಟ್ಟ ಹೊರೆಯಾಗುತ್ತದೆ. ಬಿಟ್ಟುಬಿಟ್ಟೆ. ಬದಲಿಗೆ ಈ ಸಲ, ಕನ್ಸಲ್ಟೆಂಟ್ ಟಿಕೆಟ್ ಬದಲಿಸಬೇಕಾಗಿ ಬಂದರೆ ಆ ಶುಲ್ಕ ನಮ್ಮದೆಂದು ಪತ್ರದಲ್ಲಿ ಬರೆದಿದ್ದೆ. ಅದರ ಅಗತ್ಯ ಬೀಳಲಿಲ್ಲ, ಆದರೆ ಪ್ಲಾಂಟ್ ಹೆಡ್ ಆ ಸಾಲನ್ನು ಓದಿದ್ದರೆಂದು ಆಮೇಲೆ ಗೊತ್ತಾಯಿತು.

ಎರಡು ಗಂಟೆ ಹಿಡಿಯಬೇಕಿದ್ದ ಸಭೆ ಶುಕ್ರವಾರ ಐವತ್ತು ನಿಮಿಷದಲ್ಲಿ ಮುಗಿಯಿತು. ಡ್ರಾಯಿಂಗ್ ಹತ್ತಕ್ಕೆ ಹತ್ತು ನಿಮಿಷವಿರುವಾಗಲೇ ಹೋಗಿದ್ದರಿಂದ ಅವರ ವಿದ್ಯುತ್ ಮುಖ್ಯಸ್ಥರು ಓದಿ ಮೂರು ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದರು. ದರ ನಾಲ್ಕೂವರೆ ಲಕ್ಷದಷ್ಟು ಏರಿತ್ತು. ಆ ಬಗ್ಗೆ ಚರ್ಚೆಯಾಯಿತು, ಸ್ವಲ್ಪ ಇಳಿಸಿದೆವು, 42 ಲಕ್ಷದ ಹತ್ತಿರ ನಿಂತಿತು. ಸೋಮವಾರವಲ್ಲ, ಬುಧವಾರ ಖರೀದಿ ಆದೇಶ ಬಂತು. ಮುಂಗಡ ಶೇಕಡ 20, ಅದಾದ ಹತ್ತು ದಿನಕ್ಕೆ. ನಮ್ಮ ಭಾವ ಆ ಆದೇಶವನ್ನು ಎರಡು ಸಲ ಓದಿದರು. ಪಕ್ಕದ ಶೆಡ್ಡಿನ ಗೆಳೆಯರು ಈಗ ಇಂಥ ಸಂದರ್ಭ ಬಂದಾಗ ಫೋನ್ ಮಾಡುವ ಮುನ್ನ ನನ್ನಲ್ಲಿಗೆ ಬರುತ್ತಾರೆ.

ಈ ವಿಧಾನ ನಡೆಯದ ಕಡೆಗಳೂ ಇವೆ. ಸರ್ಕಾರಿ ಟೆಂಡರಿನ ಪೂರ್ವಭಾವಿ ಸಭೆ ಎಲ್ಲ ಬಿಡ್ಡುದಾರರಿಗೂ ಒಂದೇ ಹೊತ್ತಿನದು, ಒಬ್ಬರಿಗಾಗಿ ಅದು ಬದಲಾಗುವುದಿಲ್ಲ. ಅಲ್ಲಿಗೆ ಇದ್ದವರಲ್ಲಿ ಯಾರನ್ನಾದರೂ ಕಳುಹಿಸಲೇಬೇಕು. ಸಭೆಗೆ ಎರಡು ಗಂಟೆಗಿಂತ ಕಡಿಮೆ ಉಳಿದಿದ್ದರೂ ನಾನು ಮುಂದೂಡುವುದಿಲ್ಲ, ಏಕೆಂದರೆ ಬೆಂಗಳೂರಿನಲ್ಲಿ ಅಷ್ಟು ಹೊತ್ತಿಗೆ ಯಾರಾದರೊಬ್ಬರು ದಾರಿಯಲ್ಲಿರುತ್ತಾರೆ. ಆಗ ಹೋಗಿ, ಮೊದಲ ಐದು ನಿಮಿಷದಲ್ಲೇ ಯಾವುದು ಸಿದ್ಧವಿಲ್ಲವೆಂದು ಹೇಳಿ, ಸಿದ್ಧವಿರುವುದನ್ನು ಮುಗಿಸಿ ಅವರಿಗೆ ಉಳಿದ ಹೊತ್ತನ್ನು ಬಿಟ್ಟುಕೊಡುತ್ತೇನೆ.

ಆ ನಂತರ ಐದಾರು ಸಲ ಇದೇ ರೀತಿ ಮಾಡಿದ್ದೇನೆ, ಒಂದು ಸಲ ಕೆಟ್ಟಿತು. ದಾಬಸ್‌ಪೇಟೆಯ ಗ್ರಾಹಕರ ಸಭೆಯನ್ನು ಎರಡು ಭಾಗ ಮಾಡಿ, ಮೊದಲ ಭಾಗಕ್ಕೆ ಹೊಸದಾಗಿ ಸೇರಿದ ಹುಡುಗನನ್ನು ಕಳುಹಿಸಿದೆ. ಅವನಿಗೆ ವಿಷಯ ಗೊತ್ತಿತ್ತು, ಆದರೆ ಅಳತೆಗೆ ಸಹಿ ಹಾಕುವ ಅಧಿಕಾರವನ್ನು ನಾನು ಕೊಟ್ಟಿರಲಿಲ್ಲ. ಪ್ರತಿ ಪ್ರಶ್ನೆಗೂ ಅವನು ಹೊರಗೆ ಬಂದು ನನಗೆ ಫೋನ್ ಮಾಡಬೇಕಾಯಿತು, ನಲವತ್ತು ನಿಮಿಷದ ಕೆಲಸ ಒಂದೂವರೆ ಗಂಟೆ ಎಳೆಯಿತು. ಗ್ರಾಹಕರು ಎರಡನೇ ಭಾಗಕ್ಕೆ ಸಮಯ ಕೊಡಲಿಲ್ಲ. ಈಗ ಹಳೆಯ ಸಮಯಕ್ಕೆ ಹೋಗುವವರ ಕೈಯಲ್ಲಿ, ಯಾವ ಅಂಶಗಳಿಗೆ ಅವರು ಅಲ್ಲಿಯೇ ಸಹಿ ಹಾಕಬಹುದೆಂದು ಬರೆದ ನಮ್ಮ ಲೆಟರ್‌ಹೆಡ್ಡಿನ ಹಾಳೆ ಇರುತ್ತದೆ, ಅದರ ಪ್ರತಿ ಹಿಂದಿನ ಸಂಜೆಯೇ ಗ್ರಾಹಕರಿಗೆ ಹೋಗಿರುತ್ತದೆ.